94 ಜನ, ಒಂದು ಚಾಟ್, ಮೂರು ಹತ್ತುಗಳು

ಸಪ್ತಾಪುರದ ಗಣಿತ ಮಾಸ್ತರ · ಭಾನುವಾರ, ಬೆಳಿಗ್ಗೆ 11.20

ಧಾರವಾಡದ ಸಪ್ತಾಪುರದಲ್ಲಿ ಎಫ್‌ಡಿಎ, ಪಿಡಿಒ ಪರೀಕ್ಷೆಗೆ ಓದುವವರಿಗೆ ಗಣಿತ ಹೇಳುತ್ತೇನೆ. ಊರಿಗೆ ಹೋಗಿರುವವರಿಗಾಗಿ ಶನಿವಾರ ಸಂಜೆ ಏಳರಿಂದ ಎಂಟೂಕಾಲರವರೆಗೆ ಜೂಮ್‌ನಲ್ಲಿ ಸಂದೇಹ ತರಗತಿ ಇರುತ್ತದೆ. ನಿನ್ನೆ 94 ಜನ ಸೇರಿದ್ದರು. ನಾನೊಬ್ಬನೇ ಪಾಠ ಹೇಳುವವನು, ನಾನೇ ಚಾಟ್ ನೋಡುವವನು. ಏನಾಯಿತೆಂದು ಹೇಳುತ್ತೇನೆ, ದಾರಿ ಗೊತ್ತಿದ್ದವರು ಹೇಳಿ.

ಲೆಕ್ಕ ಸರಳವಾದದ್ದು. ಒಂದು ಕೆಲಸವನ್ನು ಬಸಪ್ಪ 10 ದಿನದಲ್ಲಿ, ಈರಪ್ಪ 15 ದಿನದಲ್ಲಿ ಮುಗಿಸುತ್ತಾರೆ. ಇಬ್ಬರೂ ಕೂಡಿ 2 ದಿನ ಮಾಡಿದ ಮೇಲೆ ಬಸಪ್ಪ ಬಿಟ್ಟು ಹೋಗುತ್ತಾನೆ. ಕೆಲಸ ಒಟ್ಟು ಎಷ್ಟು ದಿನದಲ್ಲಿ ಮುಗಿಯುತ್ತದೆ? ಬೋರ್ಡಿನಲ್ಲಿ ಹೀಗೆ ಬರೆದೆ:

```
ಒಟ್ಟು ಕೆಲಸ = 30   (10, 15ರ ಲ.ಸಾ.ಅ.)
ಬಸಪ್ಪ 3, ಈರಪ್ಪ 2, ಇಬ್ಬರೂ 5
2 × 5 = 10
30 - 10 = 20,   20 ÷ 2 = 10
2 + 10 = 12
```

ನಾಲ್ಕನೆಯ ಸಾಲು ಬರೆಯುವಾಗ ಚಾಟ್ ಓಡತೊಡಗಿತು. "10 ಹೇಗೆ ಸರ್", "10?", "ಸರ್ 10 ಎಲ್ಲಿಂದ ಬಂತು". ನಾನು, "ಎರಡು ದಿನ, ದಿನಕ್ಕೆ ಐದು, ಎರಡೈದಲೆ ಹತ್ತು" ಎಂದೆ. ಅಷ್ಟರಲ್ಲಿ ಇನ್ನೊಬ್ಬ, "ಹಾಗಾದರೆ 10 ಸರೀನಾ ಸರ್" ಎಂದು ಹಾಕಿದ. ಅವನೂ ಅದೇ ಹತ್ತನ್ನು ಕೇಳುತ್ತಿದ್ದಾನೆಂದುಕೊಂಡು "ಹೌದು, ಸರಿ" ಎಂದೆ. ಅವನು ಕೇಳಿದ್ದು ಅಂತಿಮ ಉತ್ತರದ ಬಗ್ಗೆ. ಇದು ತಿಳಿದದ್ದು ಇವತ್ತು ಬೆಳಿಗ್ಗೆ, ಮನೆಗೆಲಸದ ಫೋಟೊಗಳು ಬಂದಾಗ. ಅದೇ ಮಾದರಿಯ ಲೆಕ್ಕ ಕೊಟ್ಟಿದ್ದೆ: 12 ದಿನ, 24 ದಿನ, ಕೂಡಿ 4 ದಿನ. ಉತ್ತರ 16 ಬರಬೇಕು. 31 ಜನ 12 ಎಂದು ಬರೆದಿದ್ದಾರೆ. ಈರಪ್ಪ ಒಬ್ಬನೇ ಮಾಡಿದ ದಿನಗಳನ್ನು ಬರೆದು, ಕೂಡಿ ಮಾಡಿದ ದಿನಗಳನ್ನು ಸೇರಿಸದೆ ಬಿಟ್ಟಿದ್ದಾರೆ. ಅವರನ್ನು ಬೈಯುವ ಹಾಗಿಲ್ಲ. "ಹತ್ತು ಸರಿ" ಎಂದವನು ನಾನೇ.

ಚಿಕ್ಕ ಚಿಕ್ಕ ಪ್ರಶ್ನೆಗಳು ಹೀಗೆ ಮಳೆಯಂತೆ ಬಂದಾಗ ನೀವು ಹೇಗೆ ನಿಭಾಯಿಸುತ್ತೀರಿ?

ವಿದ್ಯಾನಗರ ಹುಬ್ಬಳ್ಳಿ · 11.48

ಸರ್, ಇದು ಎರಡು ನಿಮಿಷದ ಕೆಲಸ. ಜೂಮ್‌ನ ಚಾಟ್ ವ್ಯವಸ್ಥೆಯಲ್ಲಿ ಯಾರು ಯಾರಿಗೆ ಬರೆಯಬಹುದು ಎಂಬ ಆಯ್ಕೆ ಇದೆ. "ಹೋಸ್ಟ್ ಮತ್ತು ಕೋ-ಹೋಸ್ಟ್" ಎಂದು ಇಟ್ಟುಬಿಡಿ. ಒಬ್ಬರದು ಇನ್ನೊಬ್ಬರಿಗೆ ಕಾಣುವುದಿಲ್ಲ, ಗದ್ದಲ ಮುಗಿಯಿತು. ನಮ್ಮ ಕಂಪನಿಯ ತರಬೇತಿಗಳಲ್ಲಿ ಹೀಗೆಯೇ ಮಾಡುತ್ತೇವೆ.

ಬೆಟಗೇರಿ ವಿಜ್ಞಾನ ಶಿಕ್ಷಕಿ · 12.15

ನಾನು ಅದನ್ನು ಒಂದು ತಿಂಗಳು ಮಾಡಿ ನೋಡಿ ಬಿಟ್ಟೆ. ಮಕ್ಕಳಿಗೆ ಗದ್ದಲ ಕಾಣುವುದಿಲ್ಲ, ನಿಜ. ನನಗೆ ಮಾತ್ರ ಹೆಚ್ಚಾಯಿತು. ಎಲ್ಲರಿಗೂ ಕಾಣುವಾಗ, ಒಬ್ಬಳು ಕೇಳಿದ್ದನ್ನು ನೋಡಿ "ನನ್ನದೂ ಅದೇ" ಎಂದು ನಾಲ್ಕು ಜನ ಸುಮ್ಮನಿರುತ್ತಿದ್ದರು. ಕಾಣದಿದ್ದಾಗ ಐದೂ ಜನ ಕೇಳುತ್ತಾರೆ, ಉತ್ತರ ತಡವಾದರೆ ಮತ್ತೊಮ್ಮೆ ಕೇಳುತ್ತಾರೆ. ಒಬ್ಬ ಮಗು ಇನ್ನೊಬ್ಬರ ಸಂದೇಹವನ್ನು ತಾನೇ ಬಿಡಿಸಿ ಬರೆಯುವುದೂ ನಿಂತುಹೋಯಿತು. ಆದರೆ ವಿದ್ಯಾರ್ಥಿಗಳು ತಮ್ಮತಮ್ಮಲ್ಲಿ ಖಾಸಗಿಯಾಗಿ ಬರೆದುಕೊಳ್ಳುವುದನ್ನು ಮಾತ್ರ ಖಂಡಿತ ಬಂದ್ ಮಾಡಿ. ಹೆಣ್ಣುಮಕ್ಕಳಿಗೆ ಕಿರಿಕಿರಿ ತಪ್ಪುತ್ತದೆ.

ರಾಣೇಬೆನ್ನೂರು 66 · 12.31

ಮಾಸ್ತರೇ, ಗುಂಪಿನಲ್ಲಿ ಅಡ್ಮಿನ್ ಮಾತ್ರ ಸಂದೇಶ ಹಾಕುವಂತೆ ಮಾಡಿದರೆ ಆಯಿತಲ್ಲ? ನಮ್ಮ ಓಣಿಯ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಶುಭೋದಯದ ಕಾಟ ಹಾಗೆಯೇ ನಿಂತದ್ದು.

ಸಪ್ತಾಪುರದ ಗಣಿತ ಮಾಸ್ತರ · 12.40

ಅಣ್ಣಾವರೇ, ಇದು ವಾಟ್ಸ್‌ಆ್ಯಪ್ ಗುಂಪಿನ ವಿಷಯವಲ್ಲ, ಪಾಠ ನಡೆಯುವಾಗಲೇ ಬರುವ ಪ್ರಶ್ನೆಗಳದು. ಅವರು ಕೇಳುವುದನ್ನು ನಿಲ್ಲಿಸಿದರೆ ತರಗತಿ ಯಾಕೆ ಬೇಕು?

ಹಳೆಯ ರೇಡಿಯೊ · ಭಾನುವಾರ, ಸಂಜೆ 4.05

ನಾನು ಧಾರವಾಡ ಆಕಾಶವಾಣಿಯಲ್ಲಿ ಬಹಳ ವರ್ಷ ರೈತರ ಪತ್ರಗಳನ್ನು ವಿಂಗಡಿಸುವ ಕೆಲಸ ಮಾಡಿದವಳು. ನಿವೃತ್ತಿಯ ನಂತರ ಪರಿಚಯದವರು ನಡೆಸುವ ಕೃಷಿ ವೆಬಿನಾರ್‌ಗಳಲ್ಲಿ ಚಾಟ್ ನೋಡುವ ಕೆಲಸವೂ ನನಗೇ ಬಂತು. ಪತ್ರ ಹೋಗಿ ಚಾಟ್ ಬಂದಿದೆ, ಕೆಲಸ ಅದೇ.

ಮಾಸ್ತರೇ, ನಿಮ್ಮ ತಪ್ಪು ಲೆಕ್ಕದ್ದಲ್ಲ, ಓದುವುದರದು. ನೀವು ಉತ್ತರ ಓದಿದಿರಿ, ಪ್ರಶ್ನೆ ಓದಲಿಲ್ಲ. ರೇಡಿಯೊದಲ್ಲಿ ಕೇಳುಗನ ಕೈಯಲ್ಲಿ ಪತ್ರ ಇರುವುದಿಲ್ಲ. ಹಾಗಾಗಿ ತಜ್ಞರು ಬಾಯಿ ತೆರೆಯುವ ಮೊದಲು ನಾವು ಪ್ರಶ್ನೆಯನ್ನು ಪೂರ್ತಿ ಓದುತ್ತಿದ್ದೆವು, ಅರ್ಧ ಬರೆದಿದ್ದರೆ ಪೂರ್ತಿ ಮಾಡಿ ಓದುತ್ತಿದ್ದೆವು. ಚಾಟ್‌ನಲ್ಲಿಯೂ ಅಷ್ಟೆ. 94 ಜನರಲ್ಲಿ ಯಾರ ಕಣ್ಣು ಯಾವ ಸಾಲಿನ ಮೇಲಿದೆಯೋ ದೇವರಿಗೇ ಗೊತ್ತು. ನೀವು "ಹೌದು" ಎಂದ ಕೂಡಲೇ ಪ್ರತಿಯೊಬ್ಬನೂ ಅದು ತನ್ನ ಪ್ರಶ್ನೆಗೆ ಬಂದ ಉತ್ತರ ಎಂದುಕೊಳ್ಳುತ್ತಾನೆ. "ಮೂರನೆಯ ಸಾಲಿನಲ್ಲಿ, ಎರಡು ದಿನದಲ್ಲಿ ಮುಗಿದ ಕೆಲಸ ಹತ್ತು ಹೇಗಾಯಿತು ಎಂದು ಕೇಳಿದ್ದಾರೆ" ಎಂದು ಹೇಳಿ ಆಮೇಲೆ ಉತ್ತರಿಸಿದ್ದರೆ, ಕೊನೆಯ ಹತ್ತನ್ನು ಹಿಡಿದುಕೊಂಡವನಿಗೆ ಇದು ತನ್ನದಲ್ಲ ಎಂದು ಆಗಲೇ ತಿಳಿಯುತ್ತಿತ್ತು. "ಹೌದು", "ಇಲ್ಲ", "ಅದೇ", "ಸರಿ" ಎಂಬ ಒಂದೇ ಪದದ ಉತ್ತರವನ್ನು ಚಾಟ್‌ಗೆ ಕೊಡಲೇಬೇಡಿ.

ಇನ್ನೊಂದು. ಅರ್ಥವಾಗದ ಪ್ರಶ್ನೆಯನ್ನು ಊಹಿಸಬೇಡಿ, ತಿರುಗಿ ಕೇಳಿ. ಕೇಳುವುದಾದರೆ "ಸರಿಯಾಗಿ ಬರೆಯಿರಿ" ಎನ್ನಬೇಡಿ. ಹಾಗೆಂದರೆ ಬರೆದವನು ಸುಮ್ಮನಾಗುತ್ತಾನೆ. ಎರಡು ಆಯ್ಕೆ ಕೊಡಿ. ಮೆಣಸಿನಕಾಯಿ ಬೆಳೆಗಾರರು ಯಾವಾಗಲೂ ಬರೆಯುವುದು ಒಂದೇ: "ಎಲೆ ಮುದುಡಿದೆ, ಏನು ಹೊಡೆಯಬೇಕು". ಇದಕ್ಕೆ ಉತ್ತರವೇ ಇಲ್ಲ. ಥ್ರಿಪ್ಸ್ ಬಿದ್ದರೆ ಎಲೆಯ ಅಂಚು ಮೇಲಕ್ಕೆ ಮಡಚುತ್ತದೆ, ಮೈಟ್ ನುಸಿ ಬಿದ್ದರೆ ಕೆಳಕ್ಕೆ ಮಡಚುತ್ತದೆ, ಎರಡಕ್ಕೂ ಔಷಧಿ ಬೇರೆ. ನಾನು ಚಾಟ್‌ನಲ್ಲಿ "ಮೇಲಕ್ಕೋ ಕೆಳಕ್ಕೋ?" ಎಂದಷ್ಟೇ ಹಾಕುತ್ತೇನೆ. ಹೊಲದ ಬದುವಿನ ಮೇಲೆ ನಿಂತವನೂ ಎಲೆ ನೋಡಿ ಒಂದು ಪದ ಬರೆಯಬಲ್ಲ. ಎರಡೂ ಥರದ ಎಲೆ ಕಂಡರೆ ಎರಡೂ ಇರಬಹುದು, ಅದನ್ನು ತಜ್ಞರಿಗೆ ಒಪ್ಪಿಸುತ್ತೇನೆ.

ಸವಣೂರಿನಿಂದ · ಭಾನುವಾರ, ಸಂಜೆ 6.50

ನಾನು ಮಾಸ್ತರರ ತರಗತಿಯಲ್ಲಿ ಇದ್ದವಳಲ್ಲ, ಬೇರೆ ಕಡೆ ಆನ್‌ಲೈನ್ ಕೋಚಿಂಗ್ ಕೇಳುತ್ತೇನೆ. ಆದರೆ "10?" ಎಂದು ಬರೆಯುವವರ ಪೈಕಿ ನಾನೂ ಒಬ್ಬಳು. ಯಾಕೆಂದು ಹೇಳುತ್ತೇನೆ.

ಬಲಗೈಯಲ್ಲಿ ಪೆನ್ನು, ಎಡಗೈಯಲ್ಲಿ ಮೊಬೈಲ್. ಚಾಟ್ ತೆರೆದರೆ ಬೋರ್ಡ್ ಮುಚ್ಚಿಹೋಗುತ್ತದೆ. "ನಾಲ್ಕನೆಯ ಸಾಲಿನಲ್ಲಿ ಇಪ್ಪತ್ತನ್ನು ಎರಡರಿಂದ ಯಾಕೆ ಭಾಗಿಸಿದಿರಿ" ಎಂದು ಎಡಗೈ ಹೆಬ್ಬೆರಳಿನಿಂದ ಟೈಪ್ ಮಾಡುವಷ್ಟರಲ್ಲಿ ಸರ್ ಐದನೆಯ ಸಾಲು ಬರೆದು ಮುಂದಿನ ಲೆಕ್ಕಕ್ಕೆ ಹೋಗಿರುತ್ತಾರೆ. ನಾನು ಹಿಂತಿರುಗಿ ಬೋರ್ಡ್ ನೋಡಿದಾಗ ಅದು ಅಳಿಸಿಯೂ ಇರುತ್ತದೆ. ಅದಕ್ಕೇ "10?" ಎಂದು ಹಾಕಿ ಓಡಿ ಬರುತ್ತೇನೆ.

"ಅರ್ಥವಾಯಿತಾ" ಎಂದು ಕೇಳಿದಾಗ ಎಲ್ಲರೂ "ಹೌದು ಸರ್" ಹಾಕುತ್ತಾರೆ, ನಾನೂ ಹಾಕುತ್ತೇನೆ. ಅರವತ್ತು "ಹೌದು"ಗಳ ನಡುವೆ "ಇಲ್ಲ" ಎಂದು ನನ್ನ ಹೆಸರಿನ ಸಮೇತ ಹಾಕುವ ಧೈರ್ಯ ನನಗಂತೂ ಇಲ್ಲ.

ಸಪ್ತಾಪುರದ ಗಣಿತ ಮಾಸ್ತರ · ಭಾನುವಾರ, ರಾತ್ರಿ 9.30

ತಂಗೀ, ನಿನ್ನ ಮಾತು ಓದಿ ನಿನ್ನೆಯ ಚಾಟ್ ಕಡತವನ್ನು ತೆರೆದು ಕುಳಿತೆ. ಜೂಮ್‌ನಿಂದ meeting_saved_chat.txt ಎಂದು ಉಳಿಸಿಕೊಂಡಿದ್ದೆ. ಪ್ರತಿ ಸಾಲಿಗೂ ಸಮಯ ಇರುತ್ತದೆ, ಆದ್ದರಿಂದ ರೆಕಾರ್ಡಿಂಗ್ ಪಕ್ಕದಲ್ಲಿಟ್ಟು ಹೋಲಿಸಬಹುದು. ಊಟ ತಣ್ಣಗಾಯಿತು, ಆದರೆ ಲೆಕ್ಕ ಸಿಕ್ಕಿತು.

ಒಟ್ಟು 438 ಸಾಲು. "ಹೌದು ಸರ್", "ಅರ್ಥವಾಯಿತು" ಇವೇ 171. ನಮಸ್ಕಾರ, ಹೆಸರು, ಹಾಜರಿ ಸೇರಿ 96. "ಧ್ವನಿ ಇಲ್ಲ", "ಪಿಡಿಎಫ್ ಕೊಡಿ", "ರೆಕಾರ್ಡಿಂಗ್ ಸಿಗುತ್ತಾ" ಇವು 58. ಧನ್ಯವಾದ 40. ನಿಜವಾದ ಪ್ರಶ್ನೆಗಳು ಉಳಿದದ್ದು 73. ಆ 73ನ್ನು ಅಕ್ಕಾವರು ಪತ್ರ ವಿಂಗಡಿಸಿದಂತೆ ಗುಡ್ಡೆ ಹಾಕಿದರೆ ಎಂಟೇ ಗುಡ್ಡೆ. ಎಪ್ಪತ್ತೈದು ನಿಮಿಷಕ್ಕೆ ಎಂಟು ಪ್ರಶ್ನೆ! ನಾನು ಪ್ರಳಯವೆಂದುಕೊಂಡಿದ್ದು ಇಷ್ಟೇ.

"10" ಎಂಬ ಗುಡ್ಡೆಯಲ್ಲಿ 19 ಸಾಲು. ಯಾವ ಸಾಲು ಬರೆಯುವಾಗ ಬಂದವು ಎಂದು ನೋಡಿದರೆ, 11 ಮೂರನೆಯ ಸಾಲಿನ ಹತ್ತಿನ ಬಗ್ಗೆ, 6 ನಾಲ್ಕನೆಯ ಸಾಲಿನ ಹತ್ತಿನ ಬಗ್ಗೆ, 2 ಮೊದಲ ಸಾಲಿನಲ್ಲಿ ಬಸಪ್ಪನ ಹತ್ತು ದಿನದ ಬಗ್ಗೆ. ಹೊರಗಿನಿಂದ ಒಂದೇ ಗುಡ್ಡೆ, ಒಳಗೆ ಮೂರು. ಆ 171 "ಹೌದು"ಗಳನ್ನು ತರಿಸಿದವನೂ ನಾನೇ. ನಾಲ್ಕು ಸಲ "ಅರ್ಥವಾಯಿತಾ" ಎಂದು ಕೇಳಿದ್ದೇನೆ. ಮೂರನೆಯ ಸಲ ಕೇಳಿದ್ದು "10?" ಪ್ರಶ್ನೆಗಳು ಬರುತ್ತಿದ್ದ ನಿಮಿಷದಲ್ಲಿಯೇ. ನಾನು ಕರೆದ "ಹೌದು"ಗಳು ಅವನ್ನು ಮೇಲಕ್ಕೆ ತಳ್ಳಿಬಿಟ್ಟವು.

ವಿದ್ಯಾನಗರ ಹುಬ್ಬಳ್ಳಿ · ಭಾನುವಾರ, ರಾತ್ರಿ 10.02

ನನ್ನ ಮೊದಲ ಸಲಹೆ ಹಿಂತೆಗೆದುಕೊಂಡೆ. ಆದರೆ 171ಕ್ಕೆ ಮದ್ದು ಇದೆ. ಜೂಮ್‌ನಲ್ಲಿ ಪ್ರತಿಕ್ರಿಯೆಗಳ ಗುಂಡಿಯ ಒಳಗೆ ಹಸಿರು ಟಿಕ್, ಕೆಂಪು ಇಂಟು ಗುರುತುಗಳಿವೆ. ಹೌದು, ಇಲ್ಲ ಎಂದು ಒತ್ತಿದರೆ ಸದಸ್ಯರ ಪಟ್ಟಿಯಲ್ಲಿ ಎಷ್ಟು ಜನ ಎಂದು ಎಣಿಕೆ ಕಾಣುತ್ತದೆ, ಚಾಟ್‌ಗೆ ಒಂದು ಸಾಲೂ ಬರುವುದಿಲ್ಲ. ನಿಮಗೆ ಕಾಣದಿದ್ದರೆ ಖಾತೆಯ ಸೆಟ್ಟಿಂಗ್‌ನಲ್ಲಿ ಆನ್ ಮಾಡಬೇಕು. ಬೋರ್ಡಿನ ಸಾಲುಗಳಿಗೆ 1, 2, 3 ಎಂದು ಸಂಖ್ಯೆ ಹಾಕಿ. "10 ಹೇಗೆ" ಎನ್ನುವ ಬದಲು "3" ಎಂದು ಬರೆದರೆ ಸಾಕು.

ಬೆಟಗೇರಿ ವಿಜ್ಞಾನ ಶಿಕ್ಷಕಿ · ಭಾನುವಾರ, ರಾತ್ರಿ 10.20

ಸಂಖ್ಯೆ ಬೇಡ! ಆ ಲೆಕ್ಕದಲ್ಲಿ ಬಸಪ್ಪನ ವೇಗವೇ 3. "3 ಹೇಗೆ ಸರ್" ಎಂದು ಬಂದರೆ ಮತ್ತೆ ಅದೇ ಕಥೆ. ಎ, ಬಿ ಕೂಡ ಬೇಡ, ಪುಸ್ತಕದ ಅರ್ಧ ಲೆಕ್ಕಗಳಲ್ಲಿ ಕೆಲಸಗಾರರ ಹೆಸರೇ ಎ ಮತ್ತು ಬಿ. ಕ, ಖ, ಗ ಎಂದು ನಾನು ಪ್ರಯತ್ನಿಸಿದೆ. ಮಕ್ಕಳು ಟೈಪ್ ಮಾಡುವುದು ಇಂಗ್ಲಿಷ್ ಅಕ್ಷರದಲ್ಲಿ. ಕ ಎಂಬುದಕ್ಕೆ ಒಬ್ಬರು ಎರಡು ಅಕ್ಷರ, ಒಬ್ಬರು ಒಂದೇ ಅಕ್ಷರ ಹಾಕುತ್ತಾರೆ. ಕೊನೆಗೆ ಪಿ, ಕ್ಯೂ, ಆರ್, ಎಸ್, ಟಿ ಎಂದು ನಿಂತೆ. ಒಂದೇ ಬೆರಳು, ಒಂದೇ ಅಕ್ಷರ. ಸವಣೂರಿನ ತಂಗಿಗೂ ಸುಲಭ.

ಸವಣೂರಿನಿಂದ · ಭಾನುವಾರ, ರಾತ್ರಿ 10.41

ಅಕ್ಷರ ಹಾಕುವುದಾದರೆ ನಾನೂ ಹಾಕುತ್ತೇನೆ. "ಅರ್ಥವಾಗಲಿಲ್ಲ" ಎಂದು ಒಪ್ಪಿಕೊಂಡ ಹಾಗೆ ಅನ್ನಿಸುವುದಿಲ್ಲ. ಕೆಂಪು ಇಂಟು ಗುರುತನ್ನು ಮಾತ್ರ ನಾನು ಒತ್ತಲಾರೆ, ಪಟ್ಟಿಯಲ್ಲಿ ಹೆಸರಿನ ಪಕ್ಕದಲ್ಲಿಯೇ ನಿಂತಿರುತ್ತದೆ.

ಬ್ಯಾಡಗಿ ಹೊಲ · ಸೋಮವಾರ, ಬೆಳಿಗ್ಗೆ 6.15

ಅಕ್ಕಾವರು ಮೆಣಸಿನಕಾಯಿ ಎಂದದ್ದಕ್ಕೆ ಹೇಳುತ್ತೇನೆ, ನಮ್ಮದು ಬೇರೆ ತಾಪತ್ರಯ. ಹೋದ ವರ್ಷ ಒಂದು ಯೂಟ್ಯೂಬ್ ನೇರಪ್ರಸಾರದಲ್ಲಿ ತಜ್ಞರು ಮೊದಲು ಬೇವಿನ ಎಣ್ಣೆಯ ವಿಷಯ ಹೇಳಿ, ಆಮೇಲೆ ಒಂದು ಕೀಟನಾಶಕದ ಹೆಸರು ಹೇಳಿದರು. ನಾನು ಬೇವಿನ ಎಣ್ಣೆಯ ಮಾತು ಕೇಳಿದ ಕೂಡಲೇ "ಲೀಟರಿಗೆ ಎಷ್ಟು ಮಿಲಿ" ಎಂದು ಹಾಕಿದ್ದೆ. ಅವರು ಒಂದು ಅಳತೆ ಹೇಳಿದರು, ನಾನು ಚೀಟಿಯಲ್ಲಿ ಬೇವಿನ ಎಣ್ಣೆ ಎಂದು ಬರೆದು ಅದರ ಮುಂದೆ ಆ ಅಳತೆ ಹಾಕಿಕೊಂಡೆ. ಮರುದಿನ ಅಂಗಡಿಯವನೇ, "ಇದು ಬೇವಿನ ಎಣ್ಣೆಯ ಅಳತೆಯಲ್ಲ, ತೀರಾ ಕಡಿಮೆಯಾಯಿತು" ಎಂದ. ಅವರು ಹೇಳಿದ್ದು ಕೀಟನಾಶಕದ ಅಳತೆ. ತಿರುವುಮುರುವಾಗಿದ್ದರೆ, ಬೇವಿನ ಎಣ್ಣೆಯ ಅಳತೆಯಲ್ಲಿ ಕೀಟನಾಶಕ ಹೊಡೆದಿದ್ದರೆ, ಬೆಳೆಯ ಗತಿ ಏನು? ತಪ್ಪು ಅವರದೋ ನನ್ನದೋ?

ಹಳೆಯ ರೇಡಿಯೊ · ಸೋಮವಾರ, ಬೆಳಿಗ್ಗೆ 8.30

ತಮ್ಮಾ, ತಪ್ಪು ನಡುವಿನ ಗಾಳಿಯದು. ನೇರಪ್ರಸಾರ ಎಂದರೂ ನಿಮಗೆ ತಲುಪುವುದು ತಡವಾಗಿ. ಯೂಟ್ಯೂಬ್‌ನಲ್ಲಿ ಈ ವಿಳಂಬಕ್ಕೆ ಮೂರು ಆಯ್ಕೆಗಳಿವೆ. ಅತಿ ಕಡಿಮೆ ಇಟ್ಟರೆ ಐದು ಸೆಕೆಂಡಿನೊಳಗೆ, ಕಡಿಮೆ ಇಟ್ಟರೆ ಹತ್ತು ಸೆಕೆಂಡಿನೊಳಗೆ, ಸಾಮಾನ್ಯ ಇಟ್ಟರೆ ಅದಕ್ಕಿಂತ ಹೆಚ್ಚು. ನೀವು ಬೇವಿನ ಎಣ್ಣೆ ಕೇಳುವಾಗ ತಜ್ಞರು ಮುಂದೆ ಹೋಗಿರುತ್ತಾರೆ. ನೀವು ಟೈಪ್ ಮಾಡುವ ಹೊತ್ತನ್ನೂ ಸೇರಿಸಿದರೆ, ನಿಮ್ಮ ಪ್ರಶ್ನೆ ಅವರ ಮುಂದೆ ಬೀಳುವಾಗ ಬಾಯಲ್ಲಿ ಬೇರೆ ಔಷಧಿಯ ಹೆಸರು ಇರುತ್ತದೆ. ಅತಿ ಕಡಿಮೆ ಇಟ್ಟರೆ ನಮ್ಮ ಹಳ್ಳಿಗಳ ನೆಟ್‌ವರ್ಕ್‌ನಲ್ಲಿ ಚಿತ್ರ ತಡೆತಡೆದು ಬರುತ್ತದೆ, ಅದೂ ಕಷ್ಟವೇ.

ಆದ್ದರಿಂದ ನಾನು ಮಾಡುವುದು ಇಷ್ಟು. ಅಳತೆಯ ಪ್ರಶ್ನೆ ಬಂದಾಗ ಆಗಲೇ ಉತ್ತರಿಸಲು ತಜ್ಞರನ್ನು ಬಿಡುವುದಿಲ್ಲ. ಅವರು ವಿಷಯ ಮುಗಿಸಿ ನಿಂತಾಗ "ಬೇವಿನ ಎಣ್ಣೆ, ಲೀಟರ್ ನೀರಿಗೆ ಎಷ್ಟು" ಎಂದು ವಸ್ತುವಿನ ಹೆಸರು ಸೇರಿಸಿ ಓದುತ್ತೇನೆ. ಉತ್ತರ ಬಂದ ಮೇಲೆ ವಸ್ತು ಮತ್ತು ಅಳತೆ ಎರಡನ್ನೂ ಒಂದೇ ಸಾಲಿನಲ್ಲಿ ಬರೆದು ಚಾಟ್‌ನ ನೆತ್ತಿಗೆ ಪಿನ್ ಮಾಡುತ್ತೇನೆ. ಬಾಯಿಮಾತಿನಲ್ಲಿ ಕೇಳಿದ ಅಳತೆಯನ್ನು ನಂಬಬೇಡಿ, ಡಬ್ಬಿಯ ಮೇಲಿನ ಚೀಟಿ ನೋಡಿ ಹೊಡೆಯಿರಿ.

ಬೆಟಗೇರಿ ವಿಜ್ಞಾನ ಶಿಕ್ಷಕಿ · ಸೋಮವಾರ, ಮಧ್ಯಾಹ್ನ 1.10

ಅಕ್ಕಾವರೇ, ನಿಮ್ಮಂಥವರು ಪಕ್ಕದಲ್ಲಿ ಕುಳಿತರೆ ಯಾರು ಬೇಕಾದರೂ ಪಾಠ ಹೇಳಬಹುದು. ನಮಗೆ ಎರಡನೆಯ ಜೀವ ಇಲ್ಲ. ನಾನು ಪ್ರತಿ ಹನ್ನೆರಡು ನಿಮಿಷಕ್ಕೊಮ್ಮೆ ಪೆನ್ನು ಕೆಳಗಿಟ್ಟು "ಈಗ ಓದುತ್ತೇನೆ" ಎಂದು ಹೇಳಿ ಎರಡು ನಿಮಿಷ ಮೌನವಾಗಿ ಚಾಟ್ ಓದುತ್ತೇನೆ. ಮೊದಮೊದಲು ಆ ಮೌನ ಭಯವೆನಿಸಿತು, ಮಕ್ಕಳು "ಮೇಡಂ ಧ್ವನಿ ಹೋಯಿತು" ಎಂದರು. ಈಗ ಆ ಹೊತ್ತಿನಲ್ಲಿ ಅವರು ಟಿಪ್ಪಣಿ ಮುಗಿಸಿಕೊಳ್ಳುತ್ತಾರೆ. ಓದುವಾಗ ಕಾಗದದ ಮೇಲೆ ಗುಡ್ಡೆಗೊಂದು ಗೆರೆ ಎಳೆಯುತ್ತೇನೆ, ಆಮೇಲೆ ದೊಡ್ಡ ಗುಡ್ಡೆಯಿಂದ ಉತ್ತರಿಸುತ್ತೇನೆ.

ಧ್ವನಿ ಎಂದರೆ ನೆನಪಾಯಿತು. "ಧ್ವನಿ ಇಲ್ಲ" ಎಂದು ಒಬ್ಬರು ಹಾಕಿದರೆ ಪಾಠ ನಿಲ್ಲಿಸಬೇಡಿ. ಬೇರೆ ಬೇರೆ ಊರಿನ ಮೂರು ಜನ ಒಟ್ಟಿಗೆ ಹಾಕಿದರೆ ನಿಮ್ಮ ಮೈಕ್ ನೋಡಿಕೊಳ್ಳಿ. ಒಬ್ಬರೇ ಆದರೆ ಅದು ಮುಂಡರಗಿಯ ನೆಟ್‌ವರ್ಕ್.

ಹಳೆಯ ರೇಡಿಯೊ · ಸೋಮವಾರ, ಮಧ್ಯಾಹ್ನ 2.00

ದೊಡ್ಡ ಗುಡ್ಡೆಯಿಂದ ಶುರು ಮಾಡುವುದನ್ನು ಒಪ್ಪುವುದಿಲ್ಲ. ಹೆಚ್ಚು ಜನ ಕೇಳಿದ್ದು ಮುಖ್ಯವೆಂದೇನಿಲ್ಲ. ಮೊದಲ ಸಾಲಿನಲ್ಲಿಯೇ ಸಿಕ್ಕಿಕೊಂಡ ಇಬ್ಬರಿಗೆ ಮುಂದಿನದೆಲ್ಲ ಮಣ್ಣು. ಮಾಸ್ತರರ 19ರಲ್ಲಿ ಬಸಪ್ಪನ ಹತ್ತು ದಿನವನ್ನು ಕೇಳಿದ ಆ 2 ಜನರನ್ನು ನೋಡಿ. ಅವರಿಗೆ 30 ಎಲ್ಲಿಂದ ಬಂತೆಂಬುದೇ ತಿಳಿದಿಲ್ಲ. ಬೋರ್ಡಿನಲ್ಲಿ ಮೇಲಿರುವ ಸಾಲಿನ ಪ್ರಶ್ನೆ ಮೊದಲು, ಗುಡ್ಡೆ ಎಷ್ಟು ಚಿಕ್ಕದಾದರೂ ಸರಿ. ಉತ್ತರಿಸುವಾಗ ಕೇಳಿದವರ ಹೆಸರನ್ನೂ ಓದಿ. ರೇಡಿಯೊದಲ್ಲಿ ತನ್ನ ಹೆಸರು, ಊರು ಕೇಳಿದ ರೈತ ಮತ್ತೆ ಪತ್ರ ಬರೆಯುತ್ತಿದ್ದ.

ಸವಣೂರಿನಿಂದ · ಸೋಮವಾರ, ಮಧ್ಯಾಹ್ನ 2.12

ಹೆಸರು ಮಾತ್ರ ಬೇಡ ಅಕ್ಕಾವರೇ. ಒಮ್ಮೆ ನನ್ನ ಹೆಸರು ಓದಿ "ಇಷ್ಟು ಸರಳವಾದದ್ದು ತಿಳಿಯಲಿಲ್ಲವೇ" ಎಂದರು. ಅಂದಿನಿಂದ ಆರು ವಾರ ನಾನು ಏನೂ ಕೇಳಲಿಲ್ಲ.

ಬೆಟಗೇರಿ ವಿಜ್ಞಾನ ಶಿಕ್ಷಕಿ · ಸೋಮವಾರ, ಮಧ್ಯಾಹ್ನ 2.30

ಅದು ಹೆಸರಿನ ತಪ್ಪಲ್ಲವಲ್ಲ ತಂಗೀ, ಹೆಸರಿನ ಹಿಂದೆ ಬಂದ ಮಾತಿನ ತಪ್ಪು. ನನ್ನ ಎಂಟನೆಯ ತರಗತಿಯವರು ಹೆಸರು ಓದದಿದ್ದರೆ ಮುನಿಸಿಕೊಳ್ಳುತ್ತಾರೆ. ನಿಮ್ಮ ವಯಸ್ಸಿನವರಿಗೆ ಬೇರೆ ಇರಬಹುದು.

ಸಪ್ತಾಪುರದ ಗಣಿತ ಮಾಸ್ತರ · ಮುಂದಿನ ಭಾನುವಾರ, ಬೆಳಿಗ್ಗೆ 9.45

ನಿನ್ನೆ ಮಾಡಿ ನೋಡಿದೆ, ವರದಿ ಒಪ್ಪಿಸುತ್ತೇನೆ. 88 ಜನ ಇದ್ದರು. ಹಿಂದಿನ ವರ್ಷದ ಒಬ್ಬ ವಿದ್ಯಾರ್ಥಿ ಕೋ-ಹೋಸ್ಟ್ ಆಗಿ ಚಾಟ್ ನೋಡಿಕೊಂಡ. ಹಾಜರಿಯನ್ನು ಚಾಟ್‌ನಿಂದ ತೆಗೆದು ಒಂದು ಫಾರ್ಮ್‌ಗೆ ಹಾಕಿದೆ. ಪ್ರತಿ ಲೆಕ್ಕದ ಸಾಲುಗಳಿಗೂ ಪಿ, ಕ್ಯೂ, ಆರ್, ಎಸ್, ಟಿ ಎಂದು ಹೆಸರಿಟ್ಟೆ. "ಅರ್ಥವಾಯಿತಾ" ಎಂಬ ಮಾತನ್ನು ನುಂಗಿಕೊಂಡು "ಸಿಕ್ಕಿಕೊಂಡ ಸಾಲಿನ ಅಕ್ಷರ ಹಾಕಿ, ಉಳಿದವರು ಏನೂ ಹಾಕಬೇಡಿ" ಎಂದೆ. ಎರಡು ಸಲ ಹಳೆಯ ಮಾತೇ ಬಾಯಿಗೆ ಬಂತು, ಆ ಎರಡು ಸಲವೂ "ಹೌದು ಸರ್"ಗಳು ಬಂದವು.

ಹುಡುಗನ ಕೆಲಸ ಹೀಗಿತ್ತು. ಅವನ ಲ್ಯಾಪ್‌ಟಾಪಿನಲ್ಲಿ ಒಂದು ಗೂಗಲ್ ಶೀಟ್. ಬಂದ ಸಮಯ, ಯಾವ ಸಾಲು, ಪೂರ್ತಿ ಮಾಡಿದ ಪ್ರಶ್ನೆ, ಎಷ್ಟು ಜನ. ಅದೇ ಶೀಟನ್ನು ನನ್ನ ಹಳೆಯ ಮೊಬೈಲಿನಲ್ಲಿ ತೆರೆದು ಕ್ಯಾಮೆರಾದ ಪಕ್ಕ ಒರಗಿಸಿದ್ದೆ. ನಾನು ಚಾಟ್ ನೋಡಲೇ ಇಲ್ಲ, ಆ ಶೀಟನ್ನಷ್ಟೇ ನೋಡಿದೆ. ಒಂದು ಕಡೆ ಚಾಟ್‌ನಲ್ಲಿ ಬರೀ "ಆರ್" ಎಂದು ಏಳು ಬಂದವು. ಅವನು "ಆರ್ ಸಾಲಿನಲ್ಲಿ ಗುಣಿಸಿದ್ದೋ, ಕಳೆದದ್ದೋ?" ಎಂದು ತಿರುಗಿ ಕೇಳಿ, ಐದು ಜನ "ಕಳೆದದ್ದು" ಎಂದ ಮೇಲೆ ಶೀಟಿಗೆ ಏರಿಸಿದ. ಅಕ್ಕಾವರ ಮೇಲಕ್ಕೋ ಕೆಳಕ್ಕೋ ಅದೇ. ಹೆಸರು ಓದಲಿಲ್ಲ, ಊರು ಓದಿದೆ: "ಶಿಗ್ಗಾವಿಯಿಂದ ಒಬ್ಬರು ಕೇಳಿದ್ದಾರೆ". ಯಾರೂ ಮುಜುಗರಪಟ್ಟಂತೆ ಕಾಣಲಿಲ್ಲ. ಚಾಟ್ ಒಟ್ಟು 157 ಸಾಲಿಗೆ ಇಳಿಯಿತು.

ಒಂದು ಕೆಟ್ಟದ್ದೂ ಆಯಿತು. ಏಳು ಗಂಟೆ ಒಂಬತ್ತು ನಿಮಿಷಕ್ಕೆ ಒಬ್ಬ ಹುಡುಗ "ಪಿ, ಲ.ಸಾ.ಅ. ಯಾಕೆ" ಎಂದು ಹಾಕಿದ್ದಾನೆ. ಶೀಟಿಗೂ ಏರಿದೆ. ನಾನು ನಿಂತು ಓದಿದ್ದು ಏಳೂ ಇಪ್ಪತ್ತಕ್ಕೆ. ಅವನು ಏಳೂ ಹದಿನಾಲ್ಕಕ್ಕೇ ಹೊರಗೆ ಹೋಗಿದ್ದಾನೆ, ಮತ್ತೆ ಬರಲಿಲ್ಲ. ಕರೆಂಟ್ ಹೋಯಿತೋ, ಬೇಸರವಾಯಿತೋ, ಗೊತ್ತಿಲ್ಲ.

ಸವಣೂರಿನಿಂದ · ಭಾನುವಾರ, ಬೆಳಿಗ್ಗೆ 10.05

ಬೇಸರವೇ ಇರಬೇಕು ಸರ್. ಪಿ ಸಾಲಿನಲ್ಲಿ ನಿಂತವನಿಗೆ ಹನ್ನೊಂದು ನಿಮಿಷ ಬಹಳ ದೊಡ್ಡದು.

ಹಳೆಯ ರೇಡಿಯೊ · ಭಾನುವಾರ, ಬೆಳಿಗ್ಗೆ 10.40

ಅದಕ್ಕೆ ಚಾಟ್ ನೋಡುವ ಹುಡುಗನಿಗೆ ಒಂದು ಅಧಿಕಾರ ಕೊಡಿ. ಮುಂದಿನ ಸಾಲಿಗೆ ಹೋಗಲಾಗದ ಪ್ರಶ್ನೆ ಬಂದರೆ ಶೀಟಿನ ಆ ಸಾಲನ್ನು ಕೆಂಪು ಮಾಡಲಿ, ನೀವು ಬರೆಯುತ್ತಿರುವ ಸಾಲು ಮುಗಿಸಿ ಅಲ್ಲಿಯೇ ನಿಲ್ಲಿ. ಉಳಿದದ್ದು ಕಾಯಲಿ. ಆದರೆ ಯಾವುದು ಕೆಂಪು, ಯಾವುದು ಅಲ್ಲ ಎಂದು ತಿಳಿಯಲು ಆ ಹುಡುಗನಿಗೂ ಲೆಕ್ಕ ಬರಬೇಕು. ಬರೀ ಟೈಪ್ ಬರುವವನನ್ನು ಕೂರಿಸಿದರೆ ಎಲ್ಲವೂ ಕೆಂಪೇ ಆಗುತ್ತದೆ, ನಾನು ಕಂಡಿದ್ದೇನೆ.

ಬೆಟಗೇರಿ ವಿಜ್ಞಾನ ಶಿಕ್ಷಕಿ · ಭಾನುವಾರ, ಬೆಳಿಗ್ಗೆ 11.00

ಒಬ್ಬಳೇ ಇರುವ ನನ್ನಂಥವಳಿಗೆ ಕೆಂಪು ಮಾಡುವವರು ಯಾರು? ಮೊದಲ ಸಾಲು ಬರೆದ ಮೇಲೆ ಅರ್ಧ ನಿಮಿಷ ನಿಂತು ನೋಡುವುದೊಂದೇ ನನಗೆ ತೋಚುತ್ತಿದೆ. ಹೇಗಾಗುತ್ತದೋ ಗೊತ್ತಿಲ್ಲ.

ವಿದ್ಯಾನಗರ ಹುಬ್ಬಳ್ಳಿ · ಭಾನುವಾರ, ಬೆಳಿಗ್ಗೆ 11.25

ಸರ್, ಯಾರೂ ಹೇಳದ ಒಂದು ಮಾತು. ಮೊದಲ ಲೆಕ್ಕದಲ್ಲಿ ಮೂರು 10 ಬಂದದ್ದು ಸರಿ. ಮನೆಗೆಲಸಕ್ಕೆ ಕೊಟ್ಟ 12, 24, 4 ದಿನದ ಲೆಕ್ಕ ಮಾಡಿ ನೋಡಿ. ಬಸಪ್ಪನ ದಿನ 12, ಕೂಡಿ ಮಾಡಿದ ಕೆಲಸ 12, ಉಳಿದ ಕೆಲಸ 12, ಈರಪ್ಪನ ದಿನ 12. ನಾಲ್ಕು!

ಸಪ್ತಾಪುರದ ಗಣಿತ ಮಾಸ್ತರ · ಭಾನುವಾರ, ಮಧ್ಯಾಹ್ನ 12.30

ಅಯ್ಯೋ, ಅದನ್ನು ನೋಡಿಯೇ ಇರಲಿಲ್ಲ. ಬರುವ ಶನಿವಾರಕ್ಕೆ ಬದಲಿಸಿದೆ: 20 ದಿನ, 30 ದಿನ, ಕೂಡಿ 2 ದಿನ. ಒಟ್ಟು ಕೆಲಸ 60, ಬಸಪ್ಪ 3, ಈರಪ್ಪ 2, ಇಬ್ಬರೂ 5. ಮುಗಿದದ್ದು 10, ಉಳಿದದ್ದು 50, ಈರಪ್ಪನಿಗೆ 25 ದಿನ, ಒಟ್ಟು 27. ಎಲ್ಲವೂ ಬೇರೆ ಬೇರೆ.

ಸವಣೂರಿನಿಂದ · ಭಾನುವಾರ, ಮಧ್ಯಾಹ್ನ 12.34

ಸರ್, 2 ಎರಡು ಕಡೆ ಇದೆ.